ಮಲಗಿದ ಮೈಯ ಅಳತೆ

ನೈಟಿ ಹೊಲಿಯುವುದರಲ್ಲಿ ಏನು ಮಹಾ ಇದೆ, ಎರಡು ತೋಳು ಹಚ್ಚಿದ ಗೋಣಿಚೀಲ ತಾನೇ ಎಂದು ಮೂಗು ಮುರಿಯುವವರು ಒಮ್ಮೆ ಪಶ್ಚಿಮ ತಾಂಬರಂನ ಉಷಾಳ ಮನೆಗೆ ಹೋಗಿ ಬರಬೇಕು. ಮುಂದಿನ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಕತ್ತರಿ ಮೇಜು, ಗೋಡೆಗೆ ತಾಗಿಸಿ ಹಾಕಿದ ಒಂದು ದಿವಾನ ಮಂಚ. ಆ ದಿವಾನದ ಕಥೆಯೇ ಈ ಕಥೆ.

ಉಷಾಳ ಗಂಡ ರಘುರಾಮ ರೈಲ್ವೆಯಲ್ಲಿದ್ದವರು. ಅವರಿಗೆ ಕ್ವಾರ್ಟರ್ಸ್ ಸಿಕ್ಕ ಕಾಲದಿಂದಲೂ ಉಷಾ ಅಕ್ಕಪಕ್ಕದವರಿಗೆ ನೈಟಿ ಹೊಲಿದು ಕೊಡುತ್ತಿದ್ದಳು. ಚೆನ್ನೈನ ಸೆಕೆಗೆ ನೈಟಿಯಿಲ್ಲದೆ ಗತಿಯುಂಟೇ? ಹೊಲಿಸುವವರು ಬರುತ್ತಲೇ ಇದ್ದರು, ಉಷಾಳ ಕೈಗೆ ಬಿಡುವಿರಲಿಲ್ಲ. ಅವಳದು ಒಂದೇ ಮಂತ್ರ: ಮಲಗುವ ಬಟ್ಟೆ ಎಷ್ಟು ದೊಗಳೆಯೋ ಅಷ್ಟು ಸುಖ. ಯಾರೇ ಬಂದರೂ ಅಳತೆ ಪಟ್ಟಿಯನ್ನು ಎದೆಗೆ ಸುತ್ತಿ, ಅದಕ್ಕೆ ಧಾರಾಳವಾಗಿ ಸೇರಿಸಿ, "ಇರಲಿ ಬಿಡಿ, ಗಾಳಿ ಆಡ್ಲಿ" ಎನ್ನುವಳು. ಬಟ್ಟೆ ಜಾಸ್ತಿ ಆಯಿತೆಂದು ಯಾರೂ ದೂರಿರಲಿಲ್ಲ. ದೂರುವಂಥ ಒಬ್ಬರು ಅವಳ ಮನೆಯಲ್ಲೇ ಇದ್ದರು, ಆದರೆ ಅವರು ಅಲ್ಲಿಯ ತನಕ ನೈಟಿಯನ್ನೇ ಮುಟ್ಟಿರಲಿಲ್ಲ.

ಅವರು ಅತ್ತೆ ಜಯಲಕ್ಷ್ಮಮ್ಮ. ಚೆನ್ನೈನ ಕಡಲಂಚಿನ ರಾಯಪುರಂಗೆ ಸೊಸೆಯಾಗಿ ಬಂದಾಗಿನಿಂದ ಹಗಲೂ ರಾತ್ರಿ ಸೀರೆಯೇ. ನೈಟಿಯ ಮೇಲೊಂದು ಟವೆಲ್ ಹೊದ್ದು ಗೇಟಿನ ಬಳಿ ತರಕಾರಿ ಕೊಳ್ಳುವ ಹೆಂಗಸರನ್ನು ಕಂಡರೆ, "ನೋಡೇ, ದಿಂಬಿಗೆ ಕೈಕಾಲು ಬಂದು ಬೀದಿಗೆ ಇಳಿದಿದೆ!" ಎಂದು ನಗುತ್ತಿದ್ದರು. ಅದೇ ದಿಂಬುಗಳನ್ನು ಹೊಲಿದುಕೊಟ್ಟವಳು ತಮ್ಮ ಸೊಸೆಯೇ ಎಂಬುದು ಅವರಿಗೆ ಅಡ್ಡಿಯಾಗುತ್ತಿರಲಿಲ್ಲ.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಕೀಲಿನ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಆಯಿತು, ಮನೆಗೂ ಬಂದರು, ಮುಂದಿನ ಕೋಣೆಯಲ್ಲೇ ಅವರಿಗೊಂದು ಮಂಚ ಹಾಕಿದ್ದಾಯಿತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ನೇಹಾ ಎಂಬ ಹುಡುಗಿ ವಾಕರ್ ತಂದು ನಿಲ್ಲಿಸಿದ ದಿನವೇ ಖಡಾಖಂಡಿತವಾಗಿ ಹೇಳಿದಳು. ಬ್ಯಾಂಕ್ ಕ್ವಾರ್ಟರ್ಸಿನಲ್ಲಿ ಬೆಳೆದ ಅವಳದು ತಮಿಳು ಬೆರೆತ ಕನ್ನಡ.

"ಪಾಟಿ, ಪುಡವೆ ವೇಣ್ಡಾ. ಸೀರೆ ಬೇಡ ಅಜ್ಜಿ, ನಿರಿಗೆ ವಾಕರ್‌ಗೆ ಸಿಕ್ಕಿದ್ರೆ ಮತ್ತೆ ಬೀಳ್ತೀರಾ. ನೈಟಿ ಹಾಕ್ಕೊಳ್ಳಿ. ಚೆನ್ನಾಗಿ ನಿದ್ದೆ ಮಾಡಿ, ಆಗ್ಲೇ ಹಗಲು ನಡೆಯೋಕೆ ಶಕ್ತಿ ಬರೋದು. ಮಲ್ಕೊಂಡೇ ಇದ್ರೆ ಕಾಲು ಹಾಗೇ ಸೋತು ಹೋಗತ್ತೆ."

ಅತ್ತೆಗೆ ಇದ್ದದ್ದು ಒಂದೇ ಆಸೆ. ಬೆಳಿಗ್ಗೆ ಗೇಟಿನ ತನಕ ತಾವೇ ನಡೆದು ಹೋಗಿ, ಸೊಪ್ಪು ಮಾರುವ ಮುನಿಯಮ್ಮನ ಹತ್ತಿರ ಜಗಳವಾಡಿ ಒಂದು ಕಟ್ಟು ಕೀರೆ ಕೊಳ್ಳಬೇಕು. "ಅವಳ ಹತ್ರ ಬಾಯಿ ಮಾಡದೆ ನನ್ನ ನಾಲಿಗೆ ತುಕ್ಕು ಹಿಡೀತಿದೆ ಕಣೇ" ಎಂದು ಆಸ್ಪತ್ರೆಯಲ್ಲೇ ಗೋಳಾಡಿದ್ದರು. ಆ ಗೇಟಿಗಾಗಿ ನೈಟಿಯನ್ನೂ ಒಪ್ಪಿದರು. "ಆದ್ರೆ ಪಾದ ಮುಚ್ಚಬೇಕು" ಎಂದೊಂದು ಕರಾರು ಹಾಕಿದರು.

ಉಷಾಗೆ ಸಂಭ್ರಮವೋ ಸಂಭ್ರಮ. ಹಿರಿಯರು, ಮಾನವಂತರು, ಮೈಗೆ ಅಂಟಿದರೆ ಮುಜುಗರಪಟ್ಟಾರು ಎಂದು ತನ್ನ ಭಕ್ತಿಯನ್ನೆಲ್ಲ ಬಟ್ಟೆಗೆ ಸುರಿದಳು. ಅತ್ತೆಯ ಎದೆ ಸುತ್ತಳತೆ ಮೂವತ್ತನಾಲ್ಕು ಇಂಚು. ಐವತ್ತು ಇಂಚಿನ ನೈಟಿ ಹೊಲಿದಳು. ಎದೆಪಟ್ಟಿಯ ಕೆಳಗೆ ಒತ್ತೊತ್ತಾಗಿ ನೆರಿಗೆ, ತೋಳಿನ ಕಂಕುಳು ಆಳವಾಗಿ, ಕೆಳಗೆ ಕೊಡೆಯಂತೆ ಘೇರು.

ಬೆಳಿಗ್ಗೆ ಅತ್ತೆಯ ಕಣ್ಣು ಕೆಂಡ.

"ನಿದ್ದೆ ಬಂತಾ ಅತ್ತೆ?"

"ಎಲ್ಲಿಂದ ಬರತ್ತೆ? ಮೈಮೇಲೆ ಏನೂ ಇಲ್ದ ಹಾಗಿದೆ. ಆದ್ರೆ ಬೆನ್ನ ಕೆಳಗೆ ಮಾತ್ರ ಮೂಟೆ ಕಟ್ಟಿದ ಹಾಗಿದೆ."

ಇದು ಅಭ್ಯಾಸವಿಲ್ಲದ್ದಕ್ಕೆ ಬಂದ ಕಷ್ಟ ಎಂದುಕೊಂಡಳು ಉಷಾ. ಮೂಟೆ ಕಟ್ಟಿದೆ ಎಂದರೆ ಎಲ್ಲೋ ಬಿಗಿಯಾಗಿರಬೇಕು ಎಂದೂ ತರ್ಕಿಸಿದಳು. ಇನ್ನೊಂದನ್ನು ಹೊಲಿದಳು, ಐವತ್ತಾರು ಇಂಚಿನದು. ತನ್ನ ಕಸುಬಿನಲ್ಲಿ ಬಟ್ಟೆ ಸೇರಿಸುವುದೊಂದೇ ಅವಳಿಗೆ ಗೊತ್ತಿದ್ದ ಮದ್ದು.

ಎರಡನೆಯದು ಇನ್ನೂ ಅಧ್ವಾನವಾಯಿತು. ಅತ್ತೆ ಹಾಸಿಗೆಯಿಂದ ಎದ್ದು ವಾಕರ್ ಹಿಡಿಯುವಾಗ ಅಂಚು ಪಾದದ ಕೆಳಗೆ ಸಿಕ್ಕಿಕೊಂಡಿತು. ಆಯ ತಪ್ಪಿ ಮುಂದಕ್ಕೆ ವಾಲಿದರು. ಪುಣ್ಯಕ್ಕೆ ಉಷಾ ಪಕ್ಕದಲ್ಲೇ ಇದ್ದಳು, ಎರಡೂ ಕೈಯಲ್ಲಿ ತಬ್ಬಿ ಹಿಡಿದಳು.

"ಸಾಕು ಕಣೇ ಉಷಾ" ಎಂದರು ಅತ್ತೆ, ಮಂಚದ ಮೇಲೆ ಕೂತು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಉಷಾಳನ್ನು ಹೆದರಿಸಿದ್ದು. "ನನ್ನ ಸೀರೆ ಕೊಡು. ಗೇಟೂ ಬೇಡ, ಕೀರೆನೂ ಬೇಡ. ಮಲಗಿದ್ದ ಕಡೆನೇ ಇರ್ತೀನಿ."

ಗೋಡೆಯ ಕಡೆ ಮುಖ ಮಾಡಿಕೊಂಡರು. ನೇಹಾ ಬಂದಾಗ ಕಾಲನ್ನೂ ಅಲ್ಲಾಡಿಸಲಿಲ್ಲ. "ಆಂಟಿ, ಇದು ಹೀಗೇ ಆದ್ರೆ ಕಷ್ಟ" ಎಂದು ಬಾಗಿಲಲ್ಲಿ ಪಿಸುಗುಟ್ಟಿ ಹೋದಳು ನೇಹಾ.

ಉಷಾಗೆ ಅಳು ಬಂತು. ಊರಿಗೆಲ್ಲ ಹೊಲಿದುಕೊಟ್ಟು, ತನ್ನ ಮನೆಯ ಒಂದು ಜೀವಕ್ಕೆ ಮಲಗುವ ಬಟ್ಟೆ ಕೊಡಲಾಗಲಿಲ್ಲವಲ್ಲ! ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು. ಮಧ್ಯಾಹ್ನ ಊಟವಾದ ಮೇಲೆ ಆ ಐವತ್ತಾರು ಇಂಚಿನ ನೈಟಿಯನ್ನು ಕೈಯಲ್ಲಿ ಹಿಡಿದು, ಹೊಲಿಗೆಯನ್ನೆಲ್ಲ ತಿರುವಿ ತಿರುವಿ ನೋಡಿದಳು. ಎಲ್ಲಿಯೂ ಬಿಗಿ ಇರಲಿಲ್ಲ. ಕೊನೆಗೆ ಅವಳಿಗೇ ಏನು ತೋಚಿತೋ, ತನ್ನ ಉಡುಪು ಬದಲಿಸಿ ಅದನ್ನೇ ತೊಟ್ಟುಕೊಂಡು, ಅತ್ತೆಯ ಮಂಚದ ಎದುರಿಗಿದ್ದ ದಿವಾನದ ಮೇಲೆ ಮಲಗಿದಳು. ಉಷಾ ಎತ್ತರದವಳಾದರೂ ಮೈಕಟ್ಟು ಅತ್ತೆಯಂತೆಯೇ ಸಣಕಲು.

ಅಂಗಾತ ಮಲಗಿದಳು. ನೆರಿಗೆಯೆಲ್ಲ ಬೆನ್ನ ಕೆಳಗೆ ಸೇರಿ ಒತ್ತತೊಡಗಿತು. ಎಡಕ್ಕೆ ಹೊರಳಿದಳು. ಅವಳು ಹೊರಳಿದಳು, ನೈಟಿ ಹೊರಳಲಿಲ್ಲ! ಬೆನ್ನ ಭಾರಕ್ಕೆ ಸಿಕ್ಕಿದ್ದ ಬಟ್ಟೆ ಅಲ್ಲೇ ಉಳಿದು, ಕತ್ತಿನ ಪಟ್ಟಿ ಗಂಟಲನ್ನು ಎಳೆಯಿತು. ಬಲಕ್ಕೆ ಹೊರಳಿದರೆ ಘೇರು ಕಾಲಿಗೆ ಸುತ್ತಿಕೊಂಡಿತು. ದಿಂಬು ಸರಿಪಡಿಸಲು ಕೈ ಎತ್ತಿದರೆ ಆಳದ ಕಂಕುಳು ಇಡೀ ನೈಟಿಯನ್ನೇ ಮೇಲಕ್ಕೆ ಎತ್ತಿತು. ಕೊಡವಿ ಬಿಡಿಸಿಕೊಳ್ಳಲು ಹೋಗಿ ಇನ್ನಷ್ಟು ಸಿಕ್ಕಿಬಿದ್ದಳು.

ಎದುರಿನ ಮಂಚದಿಂದ ಕಿಸಕ್ಕೆಂದು ಸದ್ದು. ಅತ್ತೆ ಯಾವಾಗಲೋ ಗೋಡೆಯಿಂದ ಮುಖ ತಿರುಗಿಸಿದ್ದರು.

"ಏನೇ ಅದು, ಬಲೆಗೆ ಬಿದ್ದ ಮೀನಿನ ಹಾಗೆ? ರಾಯಪುರಂ ಸಮುದ್ರದಲ್ಲಿ ಹಿಡಿದು ತಂದ್ರಾ ನಿನ್ನ?"

"ಅಯ್ಯಯ್ಯೋ ಅತ್ತೆ! ಇದರಲ್ಲಿ ಹೇಗೆ ಮಲಗಿದ್ರಿ ನೀವು?"

"ಮಲಗಿದ್ದೆ ಅಂತ ಯಾರು ಹೇಳಿದ್ದು?"

ಇಬ್ಬರೂ ನಕ್ಕರು. ನಗುನಗುತ್ತಲೇ ಉಷಾಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಅವಳು ನಿಂತವರ ಅಳತೆ ತೆಗೆದಿದ್ದಳು. ನಿಂತವರ ಮೈಮೇಲಿಂದ ಬಟ್ಟೆ ಇಳಿಬೀಳುತ್ತದೆ, ಹಾಗಾಗಿ ಎಷ್ಟಿದ್ದರೂ ಚೆಂದ. ಮಲಗಿದವರ ಮೈ ಅದೇ ಬಟ್ಟೆಯನ್ನು ಅದುಮುತ್ತದೆ, ಆಗ ಹೆಚ್ಚಾದದ್ದೆಲ್ಲ ಹಗ್ಗ. ಇದನ್ನು ತಿಳಿಯಲು ಒಮ್ಮೆ ಮಲಗಿ ನೋಡಿದ್ದರೆ ಸಾಕಿತ್ತು.

ಎದ್ದು ಹೋಗಿ ಅತ್ತೆಯ ಪಕ್ಕ ಕುಳಿತಳು. "ಅತ್ತೆ, ಸೀರೆಲಿ ನಿಮಗೆ ಹೇಗೆ ನಿದ್ದೆ ಬರತ್ತೆ? ಸೊಂಟಕ್ಕೆ ಕಟ್ಟು, ಸಿಕ್ಕಿಸಿದ ನಿರಿಗೆ... ಬಿಗಿಯಲ್ವಾ?"

ಅತ್ತೆ ನಡುವಿನ ಮೇಲೆ ಕೈಯಿಟ್ಟು ನೋಡಿಕೊಂಡರು. ಇಂಥದ್ದನ್ನು ಅವರನ್ನು ಯಾರೂ ಕೇಳಿರಲಿಲ್ಲ.

"ಬಿಗಿ ಅಲ್ಲ ಕಣೇ. ಸೀರೆ ನನ್ನನ್ನ ನಡುವಲ್ಲಿ ಹಿಡ್ಕೊಂಡಿರತ್ತೆ, ಕಾಲಿಗೆ ಬಿಟ್ಟಿರತ್ತೆ. ನಾನು ಹೊರಳಿದ್ರೆ ಅದೂ ನನ್ನ ಜೊತೆ ಹೊರಳತ್ತೆ. ನಿನ್ನ ಈ ಷಾಮಿಯಾನ ಇದೆಯಲ್ಲ, ಅದು ಹಿಡ್ಕೊಳ್ಳೋದೂ ಇಲ್ಲ, ಬಿಡೋದೂ ಇಲ್ಲ."

ಉಷಾ ಅಳತೆ ಪಟ್ಟಿ ತಂದಳು. ಈ ಸಲ ಅತ್ತೆಯನ್ನು ನಿಲ್ಲಿಸಲಿಲ್ಲ. ಅಂಗಾತ ಮಲಗಿದ್ದಾಗ ಒಮ್ಮೆ, ಎರಡು ಕಾಲ ನಡುವೆ ನೇಹಾ ಹೇಳಿದಂತೆ ದಿಂಬಿಟ್ಟು ಮಗ್ಗುಲಾದಾಗ ಒಮ್ಮೆ, ಮಂಚದ ಅಂಚಿಗೆ ಕೂತಾಗ ಇನ್ನೊಮ್ಮೆ ಅಳೆದಳು. ಕೂತಾಗ ಪೃಷ್ಠ ಎಷ್ಟು ಅಗಲವಾಗುತ್ತದೆಂದು ನೋಡಿದಳು. ಕೈ ಎತ್ತಿಸಿ ನೋಡಿದಳು. ಅತ್ತೆ "ನಾನೇನು ಕಟ್ಟೋ ಮನೇನಾ, ಇಷ್ಟು ಅಳೀತೀಯಾ?" ಎಂದು ಗೊಣಗಿದರೂ ಹೇಳಿದಂತೆ ಹೊರಳಿದರು.

ಹಳೆಯ ಮೆತ್ತನೆಯ ಹತ್ತಿ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿದಳು, ಆಮೇಲೆ ಕುಗ್ಗಬಾರದಲ್ಲ. ಎದೆಗೆ ಹದಿನಾರೂ ಅಲ್ಲ, ಇಪ್ಪತ್ತೆರಡೂ ಅಲ್ಲ, ಎಂಟೇ ಇಂಚು ಸಡಿಲ ಬಿಟ್ಟಳು. ಪೃಷ್ಠದ ಹತ್ತಿರ ಕೂತ ಅಳತೆಗೆ ಸರಿಯಾಗಿ ತುಸು ಹೆಚ್ಚು. ನೆರಿಗೆ ತೆಗೆದುಹಾಕಿ, ಕೆಳಗೆ ಹೆಜ್ಜೆಗೆ ಬೇಕಾದಷ್ಟು ಮಾತ್ರ ಓರೆಯಾಗಿ ಅಗಲಿಸಿದಳು. ಕಂಕುಳನ್ನು ಮೇಲಕ್ಕೆ ತಂದು, ಕೈ ಆಡಲೆಂದು ಅಲ್ಲೊಂದು ಚೌಕದ ತುಂಡು ಕೂಡಿಸಿದಳು. ನಡುವಿಗೆ ಎರಡು ಮೆತ್ತನೆಯ ಪಟ್ಟಿ. ಎಲ್ಲರ ನೈಟಿಯಲ್ಲೂ ಅದನ್ನು ಬೆನ್ನಿಗೆ ಕಟ್ಟುತ್ತಾರೆ, ಮಲಗಿದರೆ ಗಂಟು ಒತ್ತುತ್ತದೆ. ಇದಕ್ಕೆ ಹೊಟ್ಟೆಯ ಮುಂದೆ, ಬೆರಳು ಆಡುವಷ್ಟು ಸಡಿಲವಾಗಿ ಕಟ್ಟುವ ಹಾಗೆ ಮಾಡಿದಳು.

ಉಳಿದದ್ದು ಪಾದ.

"ಅತ್ತೆ, ಕಣಕಾಲಿನ ಮೇಲೆ ನಾಲ್ಕು ಬೆರಳು ನಿಲ್ಲಿಸ್ತೀನಿ. ಇಲ್ದಿದ್ರೆ ತುಳೀತೀರಾ."

ಅತ್ತೆ ಸೂರು ನೋಡಿದರು. ಜನ್ಮದಲ್ಲಿ ಕೊಡದಿದ್ದ ಅಪ್ಪಣೆ ಅದು. "ಗೇಟಿಗೆ ಹೋಗೋ ಕಾಲು ಕಾಣಿಸಿದ್ರೆ ಕಾಣಿಸ್ಲಿ ಬಿಡು" ಎಂದರು.

ಮರುದಿನ ಮಧ್ಯಾಹ್ನ ಅದನ್ನು ತೊಡಿಸಿದಳು. ಅತ್ತೆ ಎಡಕ್ಕೆ ಹೊರಳಿದರು, ನೈಟಿಯೂ ಹೊರಳಿತು. ಅಂಗಾತವಾದರು, ಅದೂ ಬಂತು. "ಹ್ಞೂಂ" ಎಂದರು, ಅಷ್ಟೇ. ಉಷಾ ಪಾತ್ರೆ ಎತ್ತಿಟ್ಟು ಬರುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಕಾಫಿ ಹೊತ್ತಾದರೂ ಏಳಲಿಲ್ಲ. ರಘುರಾಮ ಎಬ್ಬಿಸಲು ಹೋದರೆ ಉಷಾ ಹುಲಿಯಂತೆ ಅಡ್ಡ ನಿಂತಳು.

ನಿದ್ದೆ ಬಂದ ಮೇಲೆ ಉಳಿದದ್ದು ನಿಧಾನವಾಗಿ ಬಂತು. ಮೊದಲು ಅಡುಗೆಮನೆ, ಆಮೇಲೆ ವರಾಂಡ. ನೇಹಾ ಎಣಿಸಿದಷ್ಟು ಬೇಗ ಅಲ್ಲ, ಉಷಾ ಹೆದರಿದ್ದಷ್ಟು ತಡವೂ ಅಲ್ಲ. ಈ ನಡುವೆ ಉಷಾಳ ಹೊಲಿಗೆ ಕೋಣೆಗೂ ಹೊಸ ಕಾನೂನು ಬಂತು: ಯಾರೇ ಬರಲಿ, ದಿವಾನದ ಮೇಲೆ ಮಲಗಿ ಎರಡು ಸಲ ಹೊರಳಿದ ಮೇಲೆಯೇ ಅಳತೆ. ಕೆಲವರು ನಾಚಿದರು, ಕೆಲವರು ಅಲ್ಲೇ ಕಣ್ಣು ಮುಚ್ಚಿದರು. ಒಬ್ಬರಿಗೆ ಆರು ಇಂಚು ಸಡಿಲ ಹಿತ, ಇನ್ನೊಬ್ಬರಿಗೆ ಹತ್ತು ಬೇಕು. ಎಲ್ಲರಿಗೂ ಒಂದೇ ಮಂತ್ರ ಹೇಳುವುದನ್ನು ಉಷಾ ಬಿಟ್ಟಳು.

ಒಂದು ಬೆಳಿಗ್ಗೆ ಅವಳು ಯಂತ್ರಕ್ಕೆ ದಾರ ಪೋಣಿಸುತ್ತಿದ್ದಾಗ ಹೊರಗಿನಿಂದ ಜೋರು ದನಿ ಕೇಳಿತು.

"ಎನ್ನಮ್ಮಾ ಇದು, ಕೀರೆಯಾ ಪುಲ್ಲಾ? ನಾನು ಮಲಗಿದ್ದೆ ಅಂತ ನನ್ನ ಸೊಸೆಗೆ ಹುಲ್ಲು ಮಾರ್ತಿದ್ದೆಯಾ ಇಷ್ಟು ದಿನ?"

ಉಷಾ ದಾರ ಬಿಟ್ಟು ಓಡಿದಳು. ಗೇಟಿನ ಬಳಿ ವಾಕರ್ ಹಿಡಿದು ಅತ್ತೆ ನಿಂತಿದ್ದರು. ಮೈಮೇಲೆ ನೀಲಿ ಹೂವಿನ ನೈಟಿ, ಹೆಗಲ ಮೇಲೆ ಟವೆಲ್. ಆಚೆ ಮುನಿಯಮ್ಮ ಬುಟ್ಟಿ ಇಳಿಸಿ, ಬೈಸಿಕೊಳ್ಳುತ್ತಲೇ ಹಲ್ಲು ಬಿಟ್ಟು ನಗುತ್ತಿದ್ದಳು.

"ಅತ್ತೆ!" ಎಂದಳು ಉಷಾ, ಅವರನ್ನು ಅಡಿಯಿಂದ ಮುಡಿಯ ತನಕ ನೋಡುತ್ತಾ.

ಜಯಲಕ್ಷ್ಮಮ್ಮ ತಿರುಗಿ ನೋಡಿ ಕೀರೆಯ ಕಟ್ಟನ್ನು ಅವಳತ್ತ ಚಾಚಿದರು.

"ಏನೇ ಹಾಗೆ ನೋಡ್ತೀಯಾ? ದಿಂಬಿಗೆ ಕೈಕಾಲು ಬಂದಿದೆ. ಹಿಡ್ಕೋ ಇದನ್ನ, ಇನ್ನೂ ಜಗಳ ಮುಗಿದಿಲ್ಲ."