ಪುಟದಂಚಿನ ಕೊಳೆ

ಹೈದರಾಬಾದಿನ ಕೋಠಿಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುವ ಯಾದಗಿರಿ, ಪುಸ್ತಕ ಮಾರಲು ತಂದ ಹುಡುಗರ ಮುಖ ನೋಡುವುದಿಲ್ಲ, ಪುಸ್ತಕದ ಅಂಚು ನೋಡುತ್ತಾನೆ. ಓದಿದಷ್ಟು ಪುಟ ಬೆರಳಿನ ಕೊಳೆಗೆ ಕಪ್ಪು, ಓದದ್ದು ಬೆಳ್ಳಗೆ. ಕಂಪ್ಯೂಟರ್ ಎಂಜಿನಿಯರಿಂಗ್ ಹುಡುಗರ ಡೇಟಾ ಸ್ಟ್ರಕ್ಚರ್ ಪುಸ್ತಕಗಳಲ್ಲಿ ಆ ಕಪ್ಪು ಮೊದಲ ಅಧ್ಯಾಯ ದಾಟಿದ್ದನ್ನು ಅವನು ಕಂಡದ್ದೇ ಅಪರೂಪ.

ಕೊನೆಯ ಪುಟದ ತನಕ ಕಪ್ಪಾದದ್ದು ಅಂಗಡಿಯಲ್ಲಿ ಒಂದೇ ಇತ್ತು. ಕಳೆದ ವರ್ಷ ಅದನ್ನು ಎಂಜಿನಿಯರಿಂಗ್ ಓದುವ ಶ್ರೀಚರಣನ ಕೈಗಿಟ್ಟಾಗ, "ಛೀ, ಏನ್ ಗಲೀಜು! ನೀಟಾಗಿರೋದು ಕೊಡಿ ಅಂಕಲ್" ಎಂದು ಅವನು ಬೆಳ್ಳನೆಯದನ್ನೇ ಒಯ್ದಿದ್ದ.

ಈಗ ಆ ಬೆಳ್ಳನೆಯ ಪುಸ್ತಕವನ್ನೇ ವಾಪಸು ಮಾರಲು ಬಂದಿದ್ದಾನೆ. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಕೆಲಸ ಸಿಕ್ಕಿದೆಯಂತೆ. ಯಾದಗಿರಿ ಅಂಚು ನೋಡಿದ. ಎರಡನೇ ಅಧ್ಯಾಯದಿಂದ ಹಾಲಿನಂತೆ ಬೆಳ್ಳಗಿತ್ತು.

"ಇಂಟರ್‌ವ್ಯೂನಲ್ಲಿ ಏನ್ ಕೇಳಿದ್ರು?"

"ಲಿಂಕ್ಡ್ ಲಿಸ್ಟ್ ತಿರುಗಿಸು ಅಂದ್ರು. ತಲೆ ಓಡ್ಲೇ ಇಲ್ಲ. ಪಾಪ, ಅವರೇ ಹೇಳ್ಕೊಟ್ಟು, ಇಂಗ್ಲಿಷ್ ಚೆನ್ನಾಗಿದೆ ಅಂತ ತಗೊಂಡ್ರು."

"ಅಷ್ಟೇನಾ? ಸರಪಳಿ ಥರ ಕೊಂಡಿ ಹಾಕಿರೋ ಪಟ್ಟಿ ತಾನೆ? ಹಿಂದಿಂದು, ಈಗಿಂದು, ಮುಂದಿಂದು, ಮೂರು ಗುರುತು ಇಟ್ಕೋಬೇಕು. ಮುಂದಿಂದನ್ನ ಮೊದ್ಲು ಹಿಡ್ಕೊಂಡು, ಈಗಿನದರ ಕೊಂಡಿಯನ್ನ ಹಿಂದಕ್ಕೆ ತಿರುಗಿಸಿ, ಒಂದೊಂದೇ ಹೆಜ್ಜೆ ಮುಂದೆ ಹೋಗೋದು."

ಶ್ರೀಚರಣ ಬಾಯಿ ಬಿಟ್ಟು, ಅಂಗಡಿಯಲ್ಲೇ ಉಳಿದಿದ್ದ ಆ ಗಲೀಜು ಪುಸ್ತಕವನ್ನೇ ನೋಡಿದ. "ಅಂಕಲ್, ಅದು ನಿಮ್ಮದಾ? ಇಷ್ಟೆಲ್ಲ ಗೊತ್ತಿದ್ದೂ ನೀವ್ಯಾಕೆ ಕೆಲಸಕ್ಕೆ ಸೇರ್ಲಿಲ್ಲ?"

ಯಾದಗಿರಿ ಬೆಳ್ಳನೆಯ ಪುಸ್ತಕದ ಧೂಳು ಒರೆಸಿ, ಎಲ್ಲರಿಗೂ ಕಾಣುವಂತೆ ಮುಂದಿಟ್ಟ.

"ಕೆಲಸ ಕೊಡೋರು ಕಾಲೇಜಿಗೆ ಬರ್ತಾರೆ, ಫುಟ್‌ಪಾತಿಗೆ ಬರಲ್ವಲ್ಲಪ್ಪಾ."