ರಾಚಯ್ಯನ ಹೆಸರಿಗೆ ಹೋದ ಹೊಲ

ಮೂಗೂರಿನ ಮರಿತಾಯಮ್ಮ ಮತ್ತು ಅವಳ ಗಂಡ ಮಹದೇವಯ್ಯ ಕಂಡವರ ಗದ್ದೆಯಲ್ಲಿ ನಾಟಿ ಹಾಕಿ, ಕಬ್ಬು ಕಡಿದು, ಒಂದೂವರೆ ಎಕರೆ ಹೊಲ ಕೊಂಡಿದ್ದರು. ಮಳೆ ನಂಬಿದ ಕೆಂಪು ನೆಲ. ಸರ್ಕಾರ ಕೊಟ್ಟದ್ದಲ್ಲ, ಕ್ರಯಕ್ಕೆ ಕೊಂಡದ್ದು ಎಂದು ಅವಳು ಕೇಳದವರಿಗೂ ಹೇಳುತ್ತಿದ್ದಳು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಪಹಣಿಯಲ್ಲಿ ಅವಳೊಬ್ಬಳದೇ ಹೆಸರು ಉಳಿಯಿತು.

ಮನೆಯಲ್ಲಿ ಮಾತ್ರ ಅವಳು ಒಂಟಿಯಾಗಿರಲಿಲ್ಲ. ನಂಜನಗೂಡು ಕಡೆಯ ಹದಿನಾರು ಎಂಬ ಊರಿನಲ್ಲಿದ್ದ ತಮ್ಮ ರಾಚಯ್ಯನ ಮೊದಲ ಹೆಂಡತಿ ಬಾಣಂತನದಲ್ಲೇ ಸತ್ತಾಗ, ಹಸುಗೂಸು ಕೋಮಲಳನ್ನು ಇವಳೇ ಎತ್ತಿಕೊಂಡು ಬಂದಿದ್ದಳು. ರಾಚಯ್ಯ ಇನ್ನೊಂದು ಮದುವೆಯಾದ, ಎರಡು ಗಂಡುಮಕ್ಕಳಾದವು. ಮಗಳನ್ನು ನೋಡಲು ಬರುವುದೇ ಅಪರೂಪವಾಯಿತು. ಕೋಮಲ ಅತ್ತೆಯನ್ನೇ ಅವ್ವ ಎಂದು ಕರೆಯುತ್ತ ಬೆಳೆದು, ಓದಿ, ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆದಳು.

೨೦೧೯ರಲ್ಲಿ ಮರಿತಾಯಮ್ಮ ಹೊಲವನ್ನು ಕೋಮಲಳಿಗೆ ದಾನಪತ್ರ ಮಾಡಿಕೊಡಲು ತಿರುಮಕೂಡಲು ನರಸೀಪುರದ ನೋಂದಣಿ ಕಚೇರಿಗೆ ಹೋದಳು. ಪತ್ರ ಬರೆಯುವ ಶಿವಣ್ಣ ಕೋಮಲಳ ಹೆಸರಿನಲ್ಲಾಗಲಿ, ಅವಳ ಅಪ್ಪನ ಹೆಸರಿನಲ್ಲಾಗಲಿ ಪಹಣಿ ಇದೆಯೇ ಎಂದು ಕೇಳಿದ. ಇರಲಿಲ್ಲ. ಕೃಷಿ ಜಮೀನನ್ನು ಕೃಷಿಕರಲ್ಲದವರಿಗೆ ಮಾರುವಂತಿಲ್ಲ, ದಾನವನ್ನೂ ಕೊಡುವಂತಿಲ್ಲ ಎಂದು ಅವನು ವಿವರಿಸಿದ. ಹೆತ್ತ ಮಗಳಾಗಿದ್ದರೆ ವಾರಸಿನಲ್ಲಿ ತಾನಾಗಿ ಬರುತ್ತಿತ್ತು, ನರ್ಸ್ ಕೆಲಸ ಅಡ್ಡಬರುತ್ತಿರಲಿಲ್ಲ. ಈಗ ದತ್ತು ಪಡೆಯೋಣವೆಂದರೆ ಕೋಮಲಳ ವಯಸ್ಸು ಮೀರಿದೆ. ಉಯಿಲು ಬರೆಯಬಹುದು, ಆದರೆ ನಾಳೆ ಗಂಡನ ಕಡೆಯವರು ತಕರಾರು ತೆಗೆಯಬಹುದು. ಸ್ವಂತ ಬೇಸಾಯ ಮಾಡದವರು ಜಮೀನು ಇಟ್ಟುಕೊಂಡಿದ್ದಾರೆಂದು ಉಪವಿಭಾಗದ ಎ.ಸಿ. ಆಫೀಸಿನಿಂದ ನೋಟಿಸೂ ಬರಬಹುದು.

ಕೊನೆಗೆ ಅವನೇ ಒಂದು ದಾರಿ ತೋರಿಸಿದ. "ಕೂಲಿ ಮಾಡೋರು ತಗೋಬೋದು ಕಣಮ್ಮ. ಉಡುಗಿ ಅಪ್ಪ ಏನ್ ಮಾಡ್ತವ್ರೆ?"

ರಾಚಯ್ಯ ಹೊಲದ ಕೂಲಿಗೇ ಹೋಗುತ್ತಿದ್ದ. ಅವನ ಹೆಸರಿಗೆ ದಾನ ಮಾಡಿದರೆ ಮುಂದೆ ಅವನಿಂದ ಮಗಳಿಗೆ ಬರುತ್ತದೆ ಎಂದ ಶಿವಣ್ಣ.

ಬಸ್ಸಿನಲ್ಲಿ ಊರು ಮುಟ್ಟುವವರೆಗೆ ಮರಿತಾಯಮ್ಮನ ತಲೆಯಲ್ಲಿ ಅದೇ ಸುತ್ತುತ್ತಿತ್ತು. ಜ್ವರ ಬಂದಾಗ ಕೂಸನ್ನು ಎದೆಗೊತ್ತಿಕೊಂಡು ಕೂತವಳು ತಾನು, ತನಗೆ ಜ್ವರ ಬಂದಾಗ ಗಂಜಿ ಕಾಯಿಸಿದವಳು ಕೋಮಲ. ಕಾನೂನಿನ ಕಣ್ಣಿಗೆ ಬಿದ್ದವನು ಮಾತ್ರ ಇಬ್ಬರನ್ನೂ ಬಿಟ್ಟುಹೋದವನು. ಕೋಮಲ ಬೇಡವೆಂದೇ ಹೇಳಿದಳು. ಆದರೆ ತಾನು ಕಣ್ಮುಚ್ಚಿದರೆ ಹೊಲ ಗಂಡನ ಅಣ್ಣನ ಮಕ್ಕಳ ಪಾಲಾಗುತ್ತದೆ ಎಂಬ ದಿಗಿಲು ಮುದುಕಿಯನ್ನು ಬಿಡಲಿಲ್ಲ. ತಮ್ಮನನ್ನು ಕರೆಸಿ ಕೇಳಿದಳು. ಹೊಲವನ್ನು ಮಗಳಿಗಾಗಿಯೇ ಇಟ್ಟಿರುತ್ತೇನೆ ಎಂದು ಅವನು ಕಣ್ಣೀರು ತುಂಬಿಕೊಂಡು ಮಾತು ಕೊಟ್ಟ. ಆ ಹೊತ್ತಿಗೆ ಆ ಮಾತು ನಿಜವೇ ಆಗಿತ್ತೇನೋ. ತಾಲ್ಲೂಕು ಕಚೇರಿಯಿಂದ ಕೃಷಿ ಕಾರ್ಮಿಕನೆಂಬ ದೃಢೀಕರಣ ತಂದ, ದಾನಪತ್ರ ನೋಂದಣಿಯಾಯಿತು, ಖಾತೆಯೂ ಬದಲಾಯಿತು. ಉಳುಮೆ ಮೊದಲಿನಂತೆ ಮರಿತಾಯಮ್ಮನದೇ.

ಮರುವರ್ಷ, ಕೊರೊನಾ ಕಾಲದಲ್ಲಿ, ಸರ್ಕಾರ ಆ ಕಾನೂನನ್ನೇ ಬದಲಿಸಿತು. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ದಾನವಾಗಿ ಪಡೆಯಬಹುದು ಎಂದಾಯಿತು. ಸುದ್ದಿ ತಿಳಿದ ಮರಿತಾಯಮ್ಮ ಇನ್ನು ತಡವೇಕೆಂದು, ಹೊಲವನ್ನು ಕೋಮಲಳ ಹೆಸರಿಗೆ ಮಾಡಿಕೊಡು ಎಂದು ಕೇಳಲು ಹದಿನಾರಿಗೇ ಹೋದಳು. ರಾಚಯ್ಯ ಇವತ್ತು ನಾಳೆ ಎನ್ನುತ್ತ ತಿಂಗಳುಗಳನ್ನು ದೂಡಿದ. ಅಷ್ಟರಲ್ಲಿ ಮೈಸೂರಿನ ಔಷಧದಂಗಡಿಯವರೊಬ್ಬರು ಹೊಲ ನೋಡಿಕೊಂಡು ಹೋದರು. ಮೊದಲಾಗಿದ್ದರೆ ಅಂಥವರು ಇತ್ತ ಬರುವಂತೆಯೇ ಇರಲಿಲ್ಲ.

"ಅದು ಕೋಮಲಂದು ಕಣ್ಲಾ," ಎಂದಳು ಮರಿತಾಯಮ್ಮ.

ರಾಚಯ್ಯ ತಲೆ ಎತ್ತಲಿಲ್ಲ. "ಅವ್ಳಿಗೆ ಕೆಲ್ಸ ಅದೆ ಅಕ್ಕ. ಈ ಎರಡು ಐಕ್ಳಿಗೆ ಏನದೆ ಏಳು? ಅವೂ ನನ್ನ ಮಕ್ಳೇ ಅಲ್ವಾ?"

ಮರಿತಾಯಮ್ಮ ನರಸೀಪುರಕ್ಕೆ ಹೋದಳು. ವಕೀಲರನ್ನು ಕಂಡರೆ, ಷರತ್ತಿಲ್ಲದೆ ಕೊಟ್ಟ ದಾನವನ್ನು ಹಿಂದಕ್ಕೆ ಪಡೆಯುವುದು ಕಷ್ಟ, ಬಾಯಿಮಾತನ್ನು ಕೋರ್ಟು ನೋಡುವುದಿಲ್ಲ ಎಂದರು. ಎರಡೂ ಊರಿನ ಯಜಮಾನರು ಕೂತು ಮಾತಾಡಿದ ಮೇಲೆ ರಾಚಯ್ಯ ಅರ್ಧ ಎಕರೆಯನ್ನು ಕೋಮಲಳಿಗೆ ದಾನ ಮಾಡಲು ಒಪ್ಪಿದ. ಸರ್ವೆಯವರು ಬಂದು ಅಳೆದು ನಕ್ಷೆ ಮಾಡಿದರು. ಉಳಿದ ಒಂದು ಎಕರೆ ಔಷಧದಂಗಡಿಯವರ ಹೆಸರಿಗೆ ಹೋಯಿತು.

ಅವರು ತಂತಿಬೇಲಿ ಹಾಕಿಸಿದ ದಿನ ಮರಿತಾಯಮ್ಮ ಹೊಲದಲ್ಲೇ ಇದ್ದಳು. ಕೋಮಲ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಳು.

"ನಿಂಗೆ ಕೊಡಕ್ಕೋಗಿ ನಾನೇ ಕಳದ್ನಲ್ಲವ್ವ," ಎಂದಳು ಮುದುಕಿ.

ಕೋಮಲ ಸಮಾಧಾನ ಹೇಳಲು ಹೋಗಲಿಲ್ಲ. ಅವಳಿಗೂ ಸಂಕಟವಾಗಿತ್ತು, ಅಪ್ಪನ ಮೇಲೆ ಸಿಟ್ಟೂ ಇತ್ತು. ಪಕ್ಕದಲ್ಲಿ ಕೂತು, ಈ ಸಲ ಏನು ಬಿತ್ತೋಣ ಎಂದಷ್ಟೇ ಕೇಳಿದಳು. ಅವರೆಕಾಳು ಎಂದಳು ಮರಿತಾಯಮ್ಮ.

ರಾಚಯ್ಯ ಆಮೇಲೆ ಮೂಗೂರಿನ ಕಡೆ ಬಂದಿಲ್ಲ. ಇವಳೂ ಕರೆದಿಲ್ಲ.