ಕಾಫಿ ಕಿಂಡಿ

ಮುನಿಲಕ್ಷ್ಮಿ ಗೌನಿಪಲ್ಲಿ ಕಡೆಯ ಮಾವಿನ ತೋಪುಗಳ ನಡುವೆ ಬೆಳೆದವಳು. ವೇಮಗಲ್ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ರೇಷ್ಮೆ ಹುಳವನ್ನು ಮುಟ್ಟಲು ಹೇಸಿ, ಬೆರಳ ತುದಿಯಲ್ಲಿ ಎತ್ತುತ್ತಿದ್ದಳು. ಈಗ ಹುಳದ ಮನೆಯೆಂದರೆ ಅವಳೇ. ಬೆಳಗಿನ ಸೊಪ್ಪು ಹಾಕುವುದೊಂದು ಗಂಡ ಶಿವಕುಮಾರನ ಪಾಲು. ಆಮೇಲಿನ ಸೊಪ್ಪು, ಹಿಕ್ಕೆ ತೆಗೆಯುವುದು, ನೆಲ ತೊಳೆಯುವುದು, ಎಲ್ಲ ಇವಳದು. ಗೂಡು ಮಾರ್ಕೆಟ್ಟಿಗೆ ಹೋಗುವ ದಿನ ಮಾತ್ರ ಅದು ಶಿವಕುಮಾರನ ಬೆಳೆಯಾಗುತ್ತಿತ್ತು.

ಹಿಂದಿನ ಬೆಳೆಯಲ್ಲಿ, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ, ಇಲಿ ಬಿದ್ದಿತ್ತು. ಕೆಳಗಿನ ತಟ್ಟೆಗಳಲ್ಲಿ ಹುಳವೇ ಇರಲಿಲ್ಲ, ಕಚ್ಚಿ ಬಿಟ್ಟ ಚೂರುಗಳಿದ್ದವು. ಪಾಷಾಣ ಇಡೋಣವೆಂದರೆ ಅದು ಸೊಪ್ಪಿಗೆ ತಾಗಿದರೆ ಎಂಬ ಭಯ. ಶಿವಕುಮಾರ ಗೋಡೆಗೆ ಒರಗಿ ನಿಂತು, "ಈ ಸಲಾನೂ ಹಿಂಗೇ ಆದ್ರೆ ತೋಟ ಗುತ್ತಿಗೆ ಕೊಟ್ಬಿಡ್ತೀನಿ ಕಣೇ. ನೀನು ಫ್ಯಾಕ್ಟ್ರಿಗೆ ಗುಡ್ಸಕ್ಕೆ ಹೋಗು. ಅಲ್ಲಿ ಇಲಿ ಕಾಟ ಇರಲ್ಲ" ಅಂದಿದ್ದ. ಅರ್ಧ ತಮಾಷೆಯಾಗಿಯೇ ಅಂದದ್ದು. ಉಳಿದರ್ಧ ಅವಳ ಎದೆಯಲ್ಲಿ ಕೂತಿತ್ತು.

ಅದಕ್ಕೇ ಈ ಬೆಳೆಗೆ ಮುಂಚೆ, ಮನೆ ಖಾಲಿ ಇದ್ದಾಗ, ಅವಳು ಹುಳದ ಮನೆಯನ್ನು ಬೆರಳಿಂದ ಅಳೆದಳು. ಹೆಬ್ಬೆರಳು ತೂರುವ ಕಡೆ ಇಲಿ ತೂರುತ್ತದೆ, ಕಿರುಬೆರಳು ತೂರುವ ಕಡೆ ಚಿಟ್ಟಿಲಿ. ನೀರಿನ ಪೈಪು ಗೋಡೆ ದಾಟುವಲ್ಲಿ ಸುತ್ತ ಸಂದಿಯಿತ್ತು. ಹೋದ ವರ್ಷ ಅಲ್ಲಿಗೆ ಹಳೇ ಬಟ್ಟೆ ತುರುಕಿದ್ದರು, ಇಲಿ ಅದನ್ನು ಕಡಿದು ಹಾಸಿಗೆ ಮಾಡಿಕೊಂಡಿತ್ತು. ಈಗ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಒತ್ತೊತ್ತಾಗಿ ತುಂಬಿ, ಮೇಲೆ ಸಿಮೆಂಟು ಮೆತ್ತಿದಳು. ನೀರು ಹೋಗುವ ತೂತಿಗೆ ಕಬ್ಬಿಣದ ಜಾಲರಿ, ಬಾಗಿಲ ಕೆಳಗೆ ತಗಡಿನ ಪಟ್ಟಿ. ಕಿಟಕಿಗಿದ್ದ ನೊಣದ ಬಲೆ ಬರೀ ನೈಲಾನು, ಇಲಿಯ ಹಲ್ಲಿಗೆ ಲೆಕ್ಕವಿಲ್ಲ. ಅದರ ಹೊರಗೊಂದು ತಂತಿ ಜಾಲರಿ ಬಿಗಿಸಿದಳು. ಅಲೆಯಲೆಯಾದ ಶೀಟು ಗೋಡೆಯ ಮೇಲೆ ಕೂರುವ ಕಡೆಯ ಸಂದಿಗಳಿಗೆ ಶಿವಕುಮಾರನನ್ನು ಏಣಿ ಹತ್ತಿಸಿ, ಕೆಳಗೆ ನಿಂತು, ಜಾಲರಿ ಮಡಿಸಿ ಗಾರೆ ಹಾಕಿಸಿದಳು. ಅತ್ತೆ ಮುನಿಯಲ್ಲಮ್ಮ ಜಗಲಿಯಿಂದಲೇ ನೋಡುತ್ತ, "ಜೈಲು ಕಟ್ತಾವಳೆ ನನ್ ಸೊಸೆ" ಅಂದಳು.

ಹುಳ ಬಂತು. ಇಲಿಯೂ ಬಂತು.

ಮೂರನೇ ಜ್ವರಕ್ಕೆ, ಅಂದರೆ ಪೊರೆ ಬಿಡಲು, ಮೇವು ಬಿಟ್ಟು ಕೂತ ಹುಳದ ಮೇಲೆ ಉದುರಿಸಿದ್ದ ಸುಣ್ಣದ ಪುಡಿಯಲ್ಲಿ ಸಣ್ಣ ಹೆಜ್ಜೆಗಳು, ನಡುವೆ ಬಾಲದ ಗೀರು. ಮುನಿಲಕ್ಷ್ಮಿ ಮಂಡಿಯೂರಿ ಗೋಡೆಯ ಬುಡವನ್ನೆಲ್ಲ ಸವರಿದಳು. ಸಿಮೆಂಟು ಕಲ್ಲಿನಂತಿತ್ತು. ಜಾಲರಿ ಅಲುಗಲಿಲ್ಲ. ಒಳಗೇ ಸೇರಿಸಿ ಮುಚ್ಚಿಬಿಟ್ಟೆನೇ? ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲ ಸರಿಸಿ ನೋಡಿದರೂ ಇಲಿಯ ಗೂಡಿಲ್ಲ, ಹಿಕ್ಕೆ ರಾಶಿಯಿಲ್ಲ. ಬೋನಿಟ್ಟರೆ ಅದರೊಳಗಿನ ವಡೆ ಹಾಗೇ ಒಣಗಿತು. ಅಷ್ಟು ಹುಳ ಇರುವಾಗ ವಡೆ ಯಾರಿಗೆ ಬೇಕು.

"ಎಲ್ಲಿಂದ ಬರ್ತದೆ ಅತ್ತೆ?"

"ಏಮೋನಮ್ಮಾ, ಯಾರಿಗ್ ಗೊತ್ತು. ಇಲಿಗೆ ದಾರಿ ತೋರ್ಸೋರು ಬೇಕಾ?"

ಅವಳಿಗೆ ತನ್ನ ಕಣ್ಣಿನ ಮೇಲೆಯೇ ಅನುಮಾನ ಬಂತು. ಸೌದೆ ಒಡೆಯುವಾಗ, ಬಟ್ಟೆ ಒಗೆಯುವಾಗ ಥಟ್ಟನೆ ಎದ್ದು ಹೋಗಿ, ನಿನ್ನೆ ನೋಡಿದ ಮೂಲೆಯನ್ನೇ ಮತ್ತೆ ನೋಡುವಳು. ಏನು ಮರೆತೆ ಎಂಬುದೇ ನೆನಪಾಗುತ್ತಿರಲಿಲ್ಲ.

ಹುಳ ನಾಲ್ಕನೇ ಜ್ವರದಿಂದ ಏಳುವ ಹೊತ್ತಿಗೆ ಅವಳು ಮುಟ್ಟಾದಳು. ಆ ಮನೆಯಲ್ಲಿ ಮುಟ್ಟಾದವರು ಹುಳದ ಮನೆಗೂ ಅಡಿಗೆಮನೆಗೂ ಹೋಗುವಂತಿಲ್ಲ, ಹುಳಕ್ಕೆ ಆಗುವುದಿಲ್ಲವಂತೆ. ಇಲಿಗೆ ಮಾತ್ರ ಆ ಕಟ್ಟು ಇಲ್ಲ ಎಂದುಕೊಂಡು ಹಿಂದಿನ ಜಗಲಿಯಲ್ಲಿ ಕೂತಳು. ಒಲೆ ಅತ್ತೆಯ ಕೈಗೆ ಹೋಯಿತು. ಮುನಿಯಲ್ಲಮ್ಮನಿಗೆ ಮಂಡಿ ನೋವು, ಕಣ್ಣು ಮಂಜು. ಕುದಿಸುವುದನ್ನು ಕುದಿಸಿ ಕೂತುಬಿಡುವಳು, ಒರೆಸುವ ಗೋಜಿಗೆ ಹೋಗುವವಳಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಇಸಿದುಕೊಳ್ಳಲು ಮುನಿಲಕ್ಷ್ಮಿ ಅಡಿಗೆಮನೆಯ ಹೊಸಿಲಾಚೆ ನಿಂತಳು. ಬಿಸಿಲು ಓರೆಯಾಗಿ ಒಳಗೆ ಬಿದ್ದು ಕಾಫಿ ಕಿಂಡಿಯ ಕಟ್ಟೆಯ ಮೇಲೆ ಹರಡಿತ್ತು.

ಅಡಿಗೆಮನೆಗೂ ಹುಳದ ಮನೆಗೂ ಒಂದೇ ಗೋಡೆ. ಹುಳದ ಮನೆ ಕಟ್ಟಿಸುವಾಗ ಮಾವ ಅಶ್ವತ್ಥಪ್ಪ ಆ ಗೋಡೆಯಲ್ಲಿ ಒಂದು ಕಿಂಡಿ ಬಿಡಿಸಿದ್ದ. ಕೆಲಸದಲ್ಲಿರುವ ಗಂಡಸರು ಸುತ್ತಿ ಬರದೆ ಅಲ್ಲಿಂದಲೇ ಕಾಫಿ, ತಿಂಡಿ ತಗೊಳ್ಳಲಿ ಅಂತ. ಅದಕ್ಕೊಂದು ಜಾರುವ ಹಲಗೆ. ಕಟ್ಟೆಯ ಮೇಲೆ ದಿನಾ ಬೆಳಿಗ್ಗೆ ಬಿಳಿ ಪುಡಿ ಇರುತ್ತಿತ್ತು. ಗಂಡನ ಕೈಯ ಸುಣ್ಣ ಎಂದುಕೊಂಡು ಅವಳು ಎದ್ದ ಕೂಡಲೇ ಒರೆಸುತ್ತಿದ್ದಳು.

ಇವತ್ತು ಯಾರೂ ಒರೆಸಿರಲಿಲ್ಲ. ಪುಡಿಯೇನೋ ಇತ್ತು, ಆದರೆ ಅದು ಹೆಜ್ಜೆಯಾಗಿ ಇತ್ತು. ಹಲಗೆಯ ಮೂಲೆಯಿಂದ ಹೊರಟು ಕಟ್ಟೆ ದಾಟಿ, ಗೋಡೆಯ ಮೂಲೆ ಹಿಡಿದು, ಹೆಂಚಿನ ಮಾಡಿನತ್ತ. ಹಲಗೆಯ ಕೆಳಮೂಲೆಯನ್ನು ಹಲ್ಲು ಅರ್ಧಚಂದ್ರದ ಹಾಗೆ ಸವೆಸಿತ್ತು.

ಅತ್ತೆ ಕೊಟ್ಟ ಕಾಫಿ ಕೈಯಲ್ಲೇ ಆರಿತು. ಹುಳದ ಮನೆಯ ಇಲಿ ಹೊರಗಿನದಲ್ಲ, ತನ್ನ ಅಡಿಗೆಮನೆಯದು. ಊರಿನ ಎಲ್ಲ ಸಂದಿಯನ್ನೂ ಹುಡುಕಿದವಳು, ದಿನಕ್ಕೆ ಹತ್ತು ಸಲ ಕೈ ತೂರಿಸುವ ಕಿಂಡಿಯನ್ನು ಸಂದಿ ಎಂದು ನೋಡಿರಲೇ ಇಲ್ಲ. ಸುಳಿವನ್ನೂ ತಾನೇ ಒರೆಸಿ ಒರೆಸಿ ಹಿಂಡಿದ್ದಳು.

ಜಗಲಿಯಿಂದಲೇ ಹೇಳಿ, ಗಂಡನ ಕೈಲಿ ಹಲಗೆಗೆ ಅಡ್ಡ ತಗಡು ಹೊಡೆಸಿದಳು. ಮರುದಿನ ಸುಣ್ಣದ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಅದರ ಮರುದಿನವೂ ಇಲ್ಲ.

"ಸಾಕಲ್ಲ, ತಗಡು ಐತೆ" ಅಂದ ಶಿವಕುಮಾರ. "ಕಾಫಿ ಕೊಡುವಾಗ ತೆಗ್ದು, ಆಮೇಲೆ ಹಾಕ್ಕೊ."

"ಹಾಕೋದು ಮರ್ತ್ರೆ?"

"ನೀನು ಯಾಕೆ ಮರೀತೀಯ?"

ಕಿಂಡಿ ಪೂರ್ತಿ ಮುಚ್ಚಿದರೆ ಕಾಫಿ, ತಿಂಡಿ, ನೀರು ಎಲ್ಲ ಹಿತ್ತಲು ಸುತ್ತಿ ಹೊರುವವಳು ತಾನೇ. ಮುಚ್ಚದಿದ್ದರೆ ಜೀವಮಾನವಿಡೀ ತಗಡು ಕಾಯುವವಳೂ ತಾನೇ. ಯಾವುದು ಹಗುರವೆಂದು ತಿಳಿಯಲಿಲ್ಲ. ಮುಚ್ಚಿದರೆ ಗಂಡನಿಗೆ ಆ ಫ್ಯಾಕ್ಟ್ರಿ ಮಾತಿನ ಸೇಡೆಂದು ಕಾಣಬಹುದೇ? ಸೇಡೇ ಇರಬಹುದೇ? ಅದೂ ತಿಳಿಯಲಿಲ್ಲ.

ತಲೆಗೆ ನೀರು ಹಾಕಿಕೊಂಡು ಒಳಗೆ ಬಂದ ದಿನ, ಹಲಗೆ ಕಿತ್ತು ಇಟ್ಟಿಗೆ ಜೋಡಿಸಿದಳು. ಅಂಚಿನ ಸಂದಿಗೆಲ್ಲ ಸ್ಟೀಲ್ ನಾರು ತುಂಬಿ ಸಿಮೆಂಟು ಬಳಿದಳು. ಮುನಿಯಲ್ಲಮ್ಮ ಬಾಗಿಲಲ್ಲಿ ನಿಂತು, "ನಿಮ್ ಮಾವ ಬಿಡ್ಸಿದ್ದು ಕಣೇ ಅದು" ಅಂದಳು. ಆಮೇಲೆ, "ನಾನೂ ದಿನಾ ಒರಸ್ತಿದ್ದೆ, ಆಗ" ಅಂದಳು.

ಮರುದಿನ ಬೆಳಿಗ್ಗೆ ಗೋಡೆಯಾಚೆಯಿಂದ ಎಂದಿನಂತೆ ಟಕಟಕ ತಟ್ಟಿದ ಸದ್ದು. ಮುನಿಲಕ್ಷ್ಮಿ ಕಾಫಿ ಸೋಸಿ ಲೋಟ ಕೈಗೆತ್ತಿಕೊಂಡಳು. ಹಿತ್ತಲ ಬಾಗಿಲವರೆಗೆ ಹೋದಳು. ಏನು ಮಾಡುತ್ತಿದ್ದೇನೆ ಅನ್ನಿಸಿ ವಾಪಸು ಬಂದು ಒಲೆ ಪಕ್ಕ ಇಟ್ಟಳು. ಮತ್ತೆ ತಟ್ಟಿದ ಸದ್ದು. ಆಮೇಲೆ ಚಪ್ಪಲಿ ಸದ್ದು.

ಶಿವಕುಮಾರ ತಲೆ ತಗ್ಗಿಸಿ ಒಳಗೆ ಬಂದು, ಮಣೆಯ ಮೇಲೆ ಕೂತು, ಲೋಟ ತಗೊಂಡ. ಒಂದು ಗುಟುಕು ಕುಡಿದು ಮೇಲೆ ನೋಡಿದ. ಗೋಡೆಗೂ ಹೆಂಚಿಗೂ ನಡುವೆ ಅಂಗೈಯಗಲ ಬೆಳಕು.

"ಇಲ್ಲಿ ಇಷ್ಟು ದೊಡ್ಡ ಸಂದಿ ಐತಲ್ಲೇ. ಯಾವಾಗ ಆಯ್ತು?"

ನಗಬೇಕೋ ಬೈಯಬೇಕೋ ಅವಳಿಗೆ ಗೊತ್ತಾಗಲಿಲ್ಲ.

"ನಾನು ಬಂದಾಗ್ಲಿಂದ ಐತೆ," ಅಂದಳು. "ಮೊದ್ಲು ಬೋನಿಟ್ಟು ಒಳಗಿರೋವನ್ನ ಹಿಡೀಬೇಕು. ಆಮೇಲೆ ಮುಚ್ಬೇಕು. ಇಲ್ದಿದ್ರೆ ಅಟ್ಟದ ಮೇಲೇ ಸತ್ತು ನಾರ್ತವೆ. ಜಾಲರಿ ಇನ್ನೂ ಉಳ್ದೈತೆ."

ಅವನು ಸಂದಿಯನ್ನೇ ನೋಡುತ್ತ ಕಾಫಿ ಮುಗಿಸಿದ. ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕ್ಷಣ ಹಿಡಿದೇ ನಿಂತ. ಅವಳು ಪಾತ್ರೆ ತೊಳೆಯುವ ಬಚ್ಚಲ ಕಡೆ ಕೈ ತೋರಿಸಿದಳು.